ಕಾರು ಓಡಾಡುವ ಪೇವರ್ ಬ್ಲಾಕ್ ನೆಲ: ಇಳಿಜಾರನ್ನು ಮಣ್ಣಿನಿಂದಲೇ ಶುರು ಮಾಡುವ ಕ್ರಮ

ಕಾರಿನ ಚಕ್ರ ಓಡಾಡುವ ಕಡೆ ಎರಡು ಉದ್ದನೆಯ ಗುಣಿ, ಗೇಟಿನ ಹತ್ತಿರ ಮಳೆ ನಿಂತ ಮೇಲೂ ಒಣಗದ ನೀರು, ಅಂಚಿನಲ್ಲಿ ಬೆರಳು ತೂರುವಷ್ಟು ಅಗಲವಾದ ಸಂದು. ಇಂಟರ್‌ಲಾಕ್ ಹಾಕಿಸಿದವರು ಮತ್ತೆ ಮತ್ತೆ ಹೇಳಿಕೊಳ್ಳುವುದು ಈ ಮೂರನ್ನೇ, ಬೈಯುವುದು ಮಾತ್ರ ಬ್ಲಾಕನ್ನು. ಬ್ಲಾಕ್ ಎತ್ತಿ ನೋಡಿದರೆ ಬೇರೆಯೇ ಕಥೆ ಇರುತ್ತದೆ. ಮಣ್ಣನ್ನು ಸಮತಟ್ಟಾಗಿ ಅಗೆದು, ಜಲ್ಲಿಯನ್ನು ಕಣ್ಣಂದಾಜಿನಲ್ಲಿ ಸುರಿದು, ಕೊನೆಗೆ ಇಳಿಜಾರನ್ನೆಲ್ಲ ಮರಳಿನಲ್ಲಿ ತಂದಿರುತ್ತಾರೆ. ಒಂದು ಕಡೆ ಮರಳು ಎರಡು ಸೆಂಟಿಮೀಟರ್ ಇದ್ದರೆ ಇನ್ನೊಂದು ಕಡೆ ಎಂಟು. ದಪ್ಪ ಇರುವ ಕಡೆ ಮರಳು ಹೆಚ್ಚು ಕುಗ್ಗುತ್ತದೆ, ನೀರು ಕುಡಿದು ಚಕ್ರದ ಭಾರಕ್ಕೆ ಪಕ್ಕಕ್ಕೆ ಸರಿಯುತ್ತದೆ, ಅದರ ಜೊತೆ ಬ್ಲಾಕೂ ಇಳಿಯುತ್ತದೆ.

ಹಾಗಾಗಿ ಇಲ್ಲಿ ಹೇಳುವ ಕ್ರಮಕ್ಕೆಲ್ಲ ಒಂದೇ ಆಧಾರ: ಮೇಲೆ ಎಷ್ಟು ಇಳಿಜಾರು ಬೇಕೋ ಅಷ್ಟನ್ನೂ ಅಗೆದ ಮಣ್ಣಿನಲ್ಲೇ ಕೊಡಬೇಕು. ಅದರ ಮೇಲೆ ಬರುವ ಪ್ರತಿ ಪದರವೂ ಎಲ್ಲಾ ಕಡೆ ಒಂದೇ ದಪ್ಪ ಇರಬೇಕು.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪೋರ್ಟಿಕೋದಿಂದ ಗೇಟಿನವರೆಗೆ 9 ಮೀಟರ್ ಉದ್ದ, 3 ಮೀಟರ್ ಅಗಲ. ಗೇಟಿನ ಹೊಸ್ತಿಲು ಪೋರ್ಟಿಕೋ ನೆಲಕ್ಕಿಂತ 20 ಸೆಂಟಿಮೀಟರ್ ಕೆಳಗಿದೆ. ಓಡಾಡುವುದು ಕಾರು ಮಾತ್ರ. ಬ್ಲಾಕಿನ ದಪ್ಪ 60 ಮಿಲಿಮೀಟರ್, ಅಳತೆ 200×100. ಲಾರಿ, ಟ್ಯಾಂಕರ್ ಒಳಗೆ ಬರುವುದಾದರೆ 80 ಮಿಲಿಮೀಟರಿನದೇ ಬೇಕು. ಆಗ ಕೆಳಗಿನ ಅಳತೆಗಳೆಲ್ಲ 20 ಮಿಲಿಮೀಟರ್ ಆಳಕ್ಕೆ ಹೋಗುತ್ತವೆ, ಜಲ್ಲಿಯ ಪದರವೂ ದಪ್ಪವಾಗಬೇಕು.

## 1. ಅಗೆಯುವ ಮೊದಲು: ದಾರವನ್ನೇ ಇಳಿಜಾರಾಗಿ ಕಟ್ಟುವುದು

ಬ್ಲಾಕ್ ನೆಲಕ್ಕೆ ನೂರಕ್ಕೆ ಎರಡರ ಇಳಿಜಾರು ಸಾಕು, ಅಂದರೆ ಮೀಟರಿಗೆ 20 ಮಿಲಿಮೀಟರ್. ಒಂದೂವರೆಗಿಂತ ಕಡಿಮೆ ಮಾಡಿದರೆ ಬ್ಲಾಕ್ ಬ್ಲಾಕಿನ ನಡುವಿನ ಸಣ್ಣ ಏರುಪೇರಿನಲ್ಲೇ ನೀರು ನಿಲ್ಲುತ್ತದೆ. ನಮ್ಮ ಉದಾಹರಣೆಯಲ್ಲಿ 9 ಮೀಟರಿಗೆ 180 ಮಿಲಿಮೀಟರ್ ಇಳಿಯಬೇಕು. ಪೋರ್ಟಿಕೋ ಅಂಚಿನಲ್ಲಿ ಬ್ಲಾಕಿನ ಮೇಲ್ಮೈ ನೆಲಕ್ಕಿಂತ 20 ಮಿಲಿಮೀಟರ್ ತಗ್ಗಿನಲ್ಲಿ ಶುರುವಾದರೆ, ಗೇಟಿಗೆ ಬರುವ ಹೊತ್ತಿಗೆ ಸರಿಯಾಗಿ 200 ಮಿಲಿಮೀಟರ್ ತಗ್ಗುತ್ತದೆ. ಲೆಕ್ಕ ಕೂಡಿಬಂತು.

ಕೂಡಿಬರದ ಜಾಗಗಳೂ ಇವೆ. ಗೇಟು ಪೋರ್ಟಿಕೋದಷ್ಟೇ ಎತ್ತರದಲ್ಲಿದ್ದರೆ ಉದ್ದಕ್ಕೆ ಇಳಿಜಾರು ಸಿಗುವುದಿಲ್ಲ. ಆಗ ಅಡ್ಡಕ್ಕೆ, ಮನೆಯ ಗೋಡೆಯಿಂದ ದೂರ ಹೋಗುವ ಕಡೆಗೆ, 3 ಮೀಟರಿಗೆ 60 ಮಿಲಿಮೀಟರ್ ಕೊಟ್ಟು ಆ ಬದಿಯಲ್ಲಿ ಉದ್ದಕ್ಕೂ ಚರಂಡಿ ಮಾಡಬೇಕು. ಗೇಟೇ ಮೇಲಿದ್ದರೆ ನೀರು ಮನೆ ಕಡೆಗೇ ಬರುತ್ತದೆ. ಪೋರ್ಟಿಕೋ ಮುಂದೆ ಅಡ್ಡ ಚರಂಡಿ ಇಲ್ಲದೆ, ಆ ಚರಂಡಿಯ ನೀರು ಹೋಗಲು ದಾರಿ ಇಲ್ಲದೆ ಅಂಥಲ್ಲಿ ಕೆಲಸ ಶುರು ಮಾಡಲೇಬಾರದು.

ಈಗ ದಾರ. ಅಗೆಯುವ ಜಾಗದ ಹೊರಗೆ, ಎರಡೂ ಬದಿಯಲ್ಲಿ, ಪೋರ್ಟಿಕೋ ಕಡೆ ಒಂದು, ನಡುವೆ ಒಂದು, ಗೇಟಿನ ಕಡೆ ಒಂದು ಗೂಟ ಹೊಡೆಯಿರಿ. ಲೆವೆಲ್ ಪೈಪಿನಲ್ಲಿ ನೀರು ತುಂಬಿ, ಒಳಗೆ ಗಾಳಿಗುಳ್ಳೆ ಒಂದೂ ಇಲ್ಲವೆಂದು ನೋಡಿಕೊಂಡು, ಪೋರ್ಟಿಕೋ ನೆಲದ ಮಟ್ಟವನ್ನು ಎಲ್ಲಾ ಗೂಟಗಳಿಗೂ ತನ್ನಿ. ಪೋರ್ಟಿಕೋ ಬಳಿಯ ಗೂಟಕ್ಕೆ ಆ ಗುರುತಿನಲ್ಲೇ ದಾರ ಕಟ್ಟಿ. ನಡುವಿನದಕ್ಕೆ ಗುರುತಿನಿಂದ 90 ಮಿಲಿಮೀಟರ್ ಕೆಳಗೆ, ಗೇಟಿನದಕ್ಕೆ 180 ಕೆಳಗೆ. ನಡುವಿನ ಗೂಟ ಬಿಟ್ಟರೆ 9 ಮೀಟರ್ ದಾರ ಜೋತುಬೀಳುತ್ತದೆ, ಆ ಜೋತು ಹಾಗೇ ನೆಲಕ್ಕೂ ಇಳಿಯುತ್ತದೆ.

ಇದರಿಂದ ಆಗುವ ಲಾಭ ದೊಡ್ಡದು. ಇಳಿಜಾರು ದಾರದಲ್ಲೇ ಇರುವುದರಿಂದ, ದಾರದಿಂದ ಕೆಳಕ್ಕೆ ಅಳೆಯುವ ಆಳ ಎಲ್ಲಾ ಕಡೆ ಒಂದೇ. ಮರಳಿನ ಕೆಳಗೆ ಕುಟ್ಟಿದ ಜಲ್ಲಿಯ ಪದರ ಎರಡು: ಮೇಲಿನದು ಬೇಸ್, ಅದರ ಕೆಳಗೆ ಮಣ್ಣಿನ ಮೇಲೆ ಕೂರುವುದು ಸಬ್‌ಬೇಸ್. ಒಂದು ನೇರವಾದ ರೀಪಿನ ಮೇಲೆ ನಾಲ್ಕು ಗೀರು ಹಾಕಿಕೊಂಡರೆ ಕೆಲಸ ಮುಗಿಯುವವರೆಗೂ ಅದೇ ಅಳತೆಕೋಲು:

- 20 ಮಿಲಿಮೀಟರ್: ಬ್ಲಾಕಿನ ಮೇಲ್ಮೈ
- 105 ಮಿಲಿಮೀಟರ್: ಬೇಸಿನ ಮೇಲ್ಮೈ (60 ಬ್ಲಾಕ್, 25 ಮರಳು)
- 205 ಮಿಲಿಮೀಟರ್: ಸಬ್‌ಬೇಸಿನ ಮೇಲ್ಮೈ (100 ಬೇಸ್)
- 355 ಮಿಲಿಮೀಟರ್: ಅಗೆದ ಮಣ್ಣು (150 ಸಬ್‌ಬೇಸ್)

ಆಳ ನೋಡುವಾಗ ಎದುರು ಬದಿಯ ದಾರಗಳ ನಡುವೆ ಅಡ್ಡ ದಾರ ಹಿಡಿದು ಅದರಿಂದ ಕೋಲು ಇಳಿಸಿ. ಕೆಲಸದ ನಡುವೆ ಯಾರಾದರೂ ಗೂಟ ಎಡವಿದರೆ ಲೆವೆಲ್ ಪೈಪು ಮತ್ತೆ ತೆಗೆಯಬೇಕು. ಅಂದಾಜಿನಲ್ಲಿ ನೆಟ್ಟಗೆ ಮಾಡಿ ಮುಂದುವರಿಯಬೇಡಿ.

## 2. ಏನೇನು ಬೇಕು, ಎಷ್ಟು ಬೇಕು

ಕುಟ್ಟಿದಾಗ ಜಲ್ಲಿ ಸುಮಾರು ಐದನೇ ಒಂದು ಭಾಗ ಕುಗ್ಗುತ್ತದೆ ಎಂದಿಟ್ಟುಕೊಂಡು ತರಿಸಬೇಕು. ಕುಟ್ಟಿದ ದಪ್ಪದ ಲೆಕ್ಕದಲ್ಲೇ ತರಿಸಿದವರಿಗೆ ಕೊನೆಯ ಎರಡು ಮೀಟರಿಗೆ ಜಲ್ಲಿ ಸಾಲುವುದಿಲ್ಲ. ಆ ಕೊರತೆ ತುಂಬುವುದು, ಹೇಳಬೇಕಿಲ್ಲ, ಮರಳಿನಿಂದ.

ಅಂಚಿನ ಕಾಂಕ್ರೀಟಿಗೂ ಅದರ ಹೊರಗಿನ ಜಾಗಕ್ಕೂ ಸೇರಿ ಪ್ರತಿ ಬದಿಗೆ 30 ಸೆಂಟಿಮೀಟರ್ ಹೆಚ್ಚು ಅಗೆಯುತ್ತೇವೆ. ಆದ್ದರಿಂದ ಸಬ್‌ಬೇಸಿನ ಅಗಲ 3.6 ಮೀಟರ್. ಅದಕ್ಕೆ ಸಡಿಲ ಅಳತೆಯಲ್ಲಿ 6.2 ಘನ ಮೀಟರ್ ಜಿಎಸ್‌ಬಿ ಬೇಕು. ದೊಡ್ಡ ಜಲ್ಲಿಯಿಂದ ಪುಡಿಯವರೆಗೆ ಎಲ್ಲಾ ಗಾತ್ರ ಬೆರೆತ ಕಲ್ಲಿದು. ಬರೀ ಒಂದೇ ಗಾತ್ರದ 40 ಮಿಲಿಮೀಟರ್ ಜಲ್ಲಿ ಆಗುವುದಿಲ್ಲ, ಅದರ ಸಂದುಗಳಿಗೆ ಮೇಲಿನ ಮರಳು ಇಳಿದುಹೋಗುತ್ತದೆ. ಬೇಸಿಗೆ 3.5 ಘನ ಮೀಟರ್ ವೆಟ್‌ಮಿಕ್ಸ್, ಅಂದರೆ ಜಲ್ಲಿ, ಜಲ್ಲಿಪುಡಿಗೆ ನೀರು ಹದವಾಗಿ ಬೆರೆಸಿದ್ದು. ಹಾಸುವ ಮರಳು 1 ಘನ ಮೀಟರ್. ಬ್ಲಾಕ್ ಚದರ ಮೀಟರಿಗೆ ಸಂದು ಸೇರಿ 48ರ ಆಸುಪಾಸು, ಕತ್ತರಿಸುವುದು ಒಡೆಯುವುದು ಸೇರಿಸಿ 1400. ಸಂದು ತುಂಬುವ ಒಣ ಸಣ್ಣ ಮರಳು ಸುಮಾರು 150 ಕಿಲೋ. ಎರಡೂ ಅಂಚಿನ ಕಾಂಕ್ರೀಟು ಅರ್ಧ ಘನ ಮೀಟರ್.

ಉಪಕರಣಗಳಲ್ಲಿ ಪ್ಲೇಟ್ ಕಂಪ್ಯಾಕ್ಟರ್ ಒಂದರಲ್ಲಿ ರಾಜಿ ಬೇಡ. ಕೈಯಿಂದ ಎತ್ತಿ ಬಡಿಯುವ ದಮ್ಮಸಿನಿಂದ ಮೂಲೆ ಕುಟ್ಟಬಹುದೇ ಹೊರತು 27 ಚದರ ಮೀಟರ್ ಜಲ್ಲಿ ಬಿಗಿಯಾಗುವುದಿಲ್ಲ. ಬ್ಲಾಕಿನ ಮೇಲೆ ಓಡಿಸುವಾಗ ಪ್ಲೇಟಿನ ಅಡಿಗೆ ಹಾಕುವ ರಬ್ಬರ್ ಹಾಳೆಯನ್ನೂ ಕೇಳಿ ತನ್ನಿ. ಉಳಿದಂತೆ ಮೂರು ಮೀಟರಿನ ನೇರವಾದ ಅಲ್ಯೂಮಿನಿಯಂ ಮಟ್ಟಕೋಲು, ಸ್ಪಿರಿಟ್ ಲೆವೆಲ್, 30 ಮಿಲಿಮೀಟರ್ ದಪ್ಪದ ಎರಡು ಕಬ್ಬಿಣದ ಪೈಪು, ರಬ್ಬರ್ ಸುತ್ತಿಗೆ, ನೀರು ಹರಿಸಿ ಕೊಯ್ಯುವ ಕಟರ್, ಕನ್ನಡಕ ಮತ್ತು ಮುಖಗವಸು. ನೀರು ಹರಿಸದೆ ಬ್ಲಾಕ್ ಕೊಯ್ದರೆ ಏಳುವ ಪುಡಿ ಶ್ವಾಸಕೋಶಕ್ಕೆ ಹಾಳು.

## 3. ಅಗೆತ ಮತ್ತು ತಳದ ಮಣ್ಣು

ನೆಲದೊಳಗೆ ನೀರಿನ ಪೈಪು, ಕೇಬಲ್ ಎಲ್ಲಿ ಹೋಗಿದೆ ಎಂದು ಮೊದಲು ತಿಳಿದುಕೊಳ್ಳಿ. ಮುಂದೆ ಬೇಕಾಗಬಹುದಾದ ಪೈಪಿಗೆ ಈಗಲೇ ಅಡ್ಡಲಾಗಿ ಒಂದು ಖಾಲಿ ಪೈಪು ಹೂತಿಟ್ಟರೆ ಒಳ್ಳೆಯದು.

ದಾರದಿಂದ 355ರ ಗೀರಿನವರೆಗೆ ಅಗೆಯಿರಿ. ಹೆಚ್ಚು ಅಗೆದ ಕಡೆ ಮಣ್ಣನ್ನೇ ಮತ್ತೆ ಸುರಿದು ಮಟ್ಟ ಮಾಡುವ ಅಭ್ಯಾಸ ಇದೆ. ಹಾಗೆ ಮಾಡದೆ ಆ ಗುಂಡಿಯನ್ನು ಜಿಎಸ್‌ಬಿಯಿಂದ ತುಂಬಿ ಕುಟ್ಟಿ. ಬೇರು, ಹುಲ್ಲು, ಹಳೆಯ ಕಟ್ಟಡದ ಕಸ, ಕಾಲಿಟ್ಟರೆ ಮೆತ್ತಗೆ ಒಳಗಿಳಿಯುವ ಕಪ್ಪು ಮಣ್ಣು ಇದ್ದರೆ ಪೂರ್ತಿ ತೆಗೆಯಬೇಕು. ಪೈಪಿಗೆಂದು ಹಿಂದೆ ಅಗೆದು ಮುಚ್ಚಿದ ಕಾಲುವೆಯ ಮೇಲೆ ವಿಶೇಷ ಕಣ್ಣಿಡಿ. ಎಷ್ಟೋ ವರ್ಷದ ಮೇಲೂ ಅದು ಸುತ್ತಲಿನ ಮಣ್ಣಿಗಿಂತ ಸಡಿಲವಾಗಿಯೇ ಇರಬಹುದು, ಬ್ಲಾಕ್ ಮೇಲೆ ಉದ್ದನೆಯ ಗೆರೆಯಂತೆ ಇಳಿಯುವುದು ಇದರಿಂದಲೇ.

ಮಣ್ಣಿನ ತೇವ ಹೇಗಿದೆ ಎಂದು ಅಂಗೈಯಲ್ಲಿ ನೋಡಿ. ಒಂದು ಹಿಡಿ ಹಿಂಡಿದರೆ ಉಂಡೆಯಾಗಿ ನಿಲ್ಲಬೇಕು, ಬೆರಳಿನಿಂದ ಒತ್ತಿದರೆ ಎರಡು ಮೂರು ಹೋಳಾಗಬೇಕು. ಉದುರಿಹೋದರೆ ನೀರು ಚಿಮುಕಿಸಿ. ಬೆರಳ ಸಂದಿಯಿಂದ ಕೆಸರು ಬಂದರೆ ಬಿಸಿಲಿಗೆ ಬಿಡಿ. ಹಸಿಯಾದ ಮಣ್ಣನ್ನು ಕುಟ್ಟಿದಷ್ಟೂ ಅದು ರಬ್ಬರಿನಂತೆ ಕುಪ್ಪಳಿಸುತ್ತದೆಯೇ ಹೊರತು ಬಿಗಿಯುವುದಿಲ್ಲ. ತೇವ ಹದಕ್ಕೆ ಬಂದ ಮೇಲೆ ಕಂಪ್ಯಾಕ್ಟರನ್ನು ನಾಲ್ಕು ಸಲ, ಒಮ್ಮೆ ಉದ್ದಕ್ಕೆ ಒಮ್ಮೆ ಅಡ್ಡಕ್ಕೆ ಓಡಿಸಿ.

ಮಣ್ಣು ಜೇಡಿಯಾಗಿದ್ದರೆ ಎರಡು ಕೆಲಸ ಹೆಚ್ಚು. ಸಬ್‌ಬೇಸನ್ನು 150ರ ಬದಲು 200ರಿಂದ 250 ಮಿಲಿಮೀಟರ್ ಮಾಡಬೇಕು, ಅದರ ಕೆಳಗೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಬೇಕು. ಬಟ್ಟೆ ಇಲ್ಲದಿದ್ದರೆ ಮಳೆಯಲ್ಲಿ ಮೆತ್ತಗಾದ ಜೇಡಿ ಜಲ್ಲಿಯ ಸಂದಿಗೆ ಏರುತ್ತದೆ, ಜಲ್ಲಿ ಜೇಡಿಗೆ ಇಳಿಯುತ್ತದೆ. ಎರಡು ತುಂಡು ಸೇರುವಲ್ಲಿ ಒಂದರ ಮೇಲೊಂದು ಕನಿಷ್ಠ 30 ಸೆಂಟಿಮೀಟರ್ ಬರಲಿ.

## 4. ಸಬ್‌ಬೇಸ್: ತೆಳುವಾಗಿ ಹರಡು, ಗಟ್ಟಿಯಾಗಿ ಕುಟ್ಟು

150 ಮಿಲಿಮೀಟರ್ ಜಿಎಸ್‌ಬಿಯನ್ನು ಒಂದೇ ಸಲ ಸುರಿದು ಕುಟ್ಟಿದರೆ ಮೇಲಿನ ಎಂಟು ಹತ್ತು ಸೆಂಟಿಮೀಟರ್ ಮಾತ್ರ ಬಿಗಿಯುತ್ತದೆ. ಕೆಳಗಿನದು ಸಡಿಲವಾಗಿ ಉಳಿದು, ಕಾರು ಓಡಾಡುತ್ತಾ ಓಡಾಡುತ್ತಾ ಇಳಿಯುತ್ತದೆ. ಬಾಡಿಗೆಗೆ ಸಿಗುವ ಸಾಮಾನ್ಯ ಪ್ಲೇಟ್ ಕಂಪ್ಯಾಕ್ಟರಿಗೆ ಅಷ್ಟೇ ಶಕ್ತಿ. ಆದ್ದರಿಂದ ಎರಡು ಪದರ ಮಾಡಿ, ಸಡಿಲವಾಗಿ ಹರಡಿದಾಗ ಒಂದೊಂದೂ ಸುಮಾರು 95 ಮಿಲಿಮೀಟರ್ ಇರಲಿ. ಕುಟ್ಟಿದ ಮೇಲೆ 75ಕ್ಕೆ ಇಳಿಯುತ್ತದೆ.

ಹರಡುವಾಗ ದಪ್ಪ ಜಲ್ಲಿಯೆಲ್ಲ ಒಂದು ಕಡೆ, ಪುಡಿಯೆಲ್ಲ ಇನ್ನೊಂದು ಕಡೆ ಸೇರುತ್ತದೆ. ರಾಶಿಯ ಬುಡಕ್ಕೆ ಉರುಳಿದ ದಪ್ಪ ಕಲ್ಲನ್ನು ಸಲಿಕೆಯಲ್ಲಿ ಮತ್ತೆ ಬೆರೆಸಿ ಹಾಕಿ. ನೀರು ಚಿಮುಕಿಸಿ, ತೊಯ್ಯುವಷ್ಟು ಬೇಡ. ಅಂಚಿನಿಂದ ನಡುವಿಗೆ ಬರುತ್ತಾ, ಪ್ರತಿ ಸಾಲೂ ಹಿಂದಿನ ಸಾಲಿನ ಮೇಲೆ ಒಂದಷ್ಟು ಏರುವಂತೆ, ನಾಲ್ಕರಿಂದ ಆರು ಸಲ ಓಡಿಸಿ.

ಬಿಗಿಯಿತು ಎಂದು ತಿಳಿಯುವುದು ಹೀಗೆ: ಪ್ಲೇಟ್ ಹೋದ ಮೇಲೆ ಹೊಸ ಗುರುತು ಬೀಳುವುದಿಲ್ಲ, ಯಂತ್ರದ ಸದ್ದು ಮಂದದಿಂದ ಟಣ್ ಎನ್ನುವಂತೆ ಬದಲಾಗುತ್ತದೆ, ಬೂಟಿನ ಹಿಮ್ಮಡಿಯಿಂದ ಬಲವಾಗಿ ತಿವಿದರೂ ಗುಳಿಯಾಗುವುದಿಲ್ಲ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಎಂದರೆ ಜಲ್ಲಿ ತುಂಬಿದ ಕೈಗಾಡಿಯನ್ನು ನಿಧಾನವಾಗಿ ಮೇಲೆ ನಡೆಸುವುದು. ಎಲ್ಲಾದರೂ ಚಕ್ರದ ಮುಂದೆ ನೆಲ ಅಲೆಯಂತೆ ಎದ್ದರೆ ಕೆಳಗೆ ಮೆತ್ತನೆ ಮಣ್ಣಿದೆ ಎಂದರ್ಥ. ಅಲ್ಲಿ ಇನ್ನಷ್ಟು ಕುಟ್ಟಿ ಪ್ರಯೋಜನವಿಲ್ಲ. ಅಗೆದು, ಮಣ್ಣು ತೆಗೆದು, ಜಲ್ಲಿ ತುಂಬಲೇಬೇಕು.

## 5. ಅಂಚಿನ ಕಾಂಕ್ರೀಟ್ ಮತ್ತು ಗೇಟಿನ ಚರಂಡಿ

ಬ್ಲಾಕುಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲುವುದಿಲ್ಲ, ಒತ್ತಿಕೊಂಡು ನಿಲ್ಲುತ್ತವೆ. ಕಾರು ತಿರುಗುವಾಗ, ಬ್ರೇಕ್ ಹಿಡಿದಾಗ ಆ ಒತ್ತಡ ಬ್ಲಾಕಿನಿಂದ ಬ್ಲಾಕಿಗೆ ದಾಟಿ ಕೊನೆಗೆ ಅಂಚಿಗೆ ಬರುತ್ತದೆ. ಅಂಚು ಅರ್ಧ ಸೆಂಟಿಮೀಟರ್ ಹೊರಗೆ ಹೋದರೂ ಸಂದಿನ ಮರಳು ಕೆಳಗೆ ಜಾರಿ, ಒಳಗಿನ ಸಾಲುಗಳೂ ಸಡಿಲವಾಗುತ್ತವೆ.

ಹಲವರು ಮಾಡುವುದು ಏನೆಂದರೆ, ಬ್ಲಾಕೆಲ್ಲ ಹಾಕಿ ಮುಗಿದ ಮೇಲೆ ಬದಿಯ ಮಣ್ಣಿನ ಮೇಲೆ ಒಂದು ಗೇಣು ಸಿಮೆಂಟು ಗಾರೆಯನ್ನು ಇಳಿಜಾರಾಗಿ ಮೆತ್ತುವುದು. ಕಣ್ಣಿಗೆ ಅಂಚಿನಂತೆ ಕಾಣುತ್ತದೆ. ಕೆಳಗೆ ಕುಟ್ಟಿದ ಜಲ್ಲಿ ಇಲ್ಲದ್ದರಿಂದ ಒಂದು ಮಳೆಗಾಲದಲ್ಲಿ ಹೋಳು ಹೋಳಾಗುತ್ತದೆ.

ಸರಿಯಾದ ಕ್ರಮದಲ್ಲಿ ಅಂಚು ಬರುವುದು ಸಬ್‌ಬೇಸ್ ಮುಗಿದ ಕೂಡಲೇ, ಬೇಸಿಗಿಂತ ಮೊದಲು. ಸಬ್‌ಬೇಸಿನ ಮೇಲೆಯೇ ಹಲಗೆ ನಿಲ್ಲಿಸಿ, 150 ಮಿಲಿಮೀಟರ್ ಅಗಲ, 185 ಮಿಲಿಮೀಟರ್ ಎತ್ತರದ ಕಾಂಕ್ರೀಟ್ ದಿಂಡು ಹಾಕಬೇಕು. ಇದರ ಮೇಲ್ಮೈ ದಾರದಿಂದ 20 ಮಿಲಿಮೀಟರಿಗೆ, ಅಂದರೆ ಬ್ಲಾಕಿನ ಮಟ್ಟಕ್ಕೇ ಬರುತ್ತದೆ. ಮಿಶ್ರಣ ಒಂದು ಸಿಮೆಂಟು, ಒಂದೂವರೆ ಮರಳು, ಮೂರು 20 ಮಿಲಿಮೀಟರ್ ಜಲ್ಲಿ. ಮೂರು ಮೀಟರಿಗೊಂದು ಸಂದು ಬಿಟ್ಟರೆ ಬಿರುಕು ಆ ಸಂದಿನಲ್ಲೇ ಬರುತ್ತದೆ, ಎಲ್ಲೆಂದರಲ್ಲಿ ಬರುವುದಿಲ್ಲ.

ಹಲಗೆ ನಿಲ್ಲಿಸುವ ಮೊದಲು ಹತ್ತು ಬ್ಲಾಕನ್ನು ನೆಲದ ಮೇಲೆ ಸಂದು ಸಮೇತ ಜೋಡಿಸಿ ಅಳೆಯಿರಿ. 100 ಮಿಲಿಮೀಟರ್ ಬ್ಲಾಕ್ ಸಂದು ಸೇರಿ 103 ಆಗುತ್ತದೆ ಎಂದಿಟ್ಟುಕೊಂಡರೆ 29 ಸಾಲಿಗೆ 2987 ಮಿಲಿಮೀಟರ್. ಒಳಗಿನ ಅಗಲವನ್ನು 3000ಕ್ಕೆ ಹಟ ಹಿಡಿಯದೆ 2987ಕ್ಕೆ ಇಟ್ಟರೆ, ಅಂಚಿನಲ್ಲಿ ಒಂದು ಬೆರಳಗಲದ ಚೂರು ಕೊಯ್ದು ತುರುಕುವ ಕಷ್ಟ ತಪ್ಪುತ್ತದೆ.

ಪೋರ್ಟಿಕೋ ಕಡೆ ಅದರ ಗಟ್ಟಿ ತಳಪಾಯವೇ ಅಂಚು. ಗೇಟಿನ ಕಡೆ ಅಡ್ಡ ಚರಂಡಿಯ ಗೋಡೆಯೇ ಅಂಚು. ಚರಂಡಿ ಒಳ ಅಳತೆ 150 ಮಿಲಿಮೀಟರ್ ಅಗಲ, 150ಕ್ಕೆ ಕಡಿಮೆಯಿಲ್ಲದ ಆಳ, ತಳಕ್ಕೆ ಹೊರಹೋಗುವ ಪೈಪಿನ ಕಡೆಗೆ ಮೀಟರಿಗೆ 10 ಮಿಲಿಮೀಟರ್ ಇಳಿಜಾರು, ಮೇಲೆ ಕಾರಿನ ಭಾರ ತಡೆಯುವ ಜಾಲರಿ. ಜಾಲರಿ ಬ್ಲಾಕಿಗಿಂತ 3ರಿಂದ 5 ಮಿಲಿಮೀಟರ್ ತಗ್ಗಿನಲ್ಲಿರಬೇಕು, ಮೇಲಿದ್ದರೆ ನೀರು ಅದರ ಮುಂದೆಯೇ ನಿಲ್ಲುತ್ತದೆ.

ಇಲ್ಲಿ ಬಹಳ ಜನ ಮರೆಯುವ ಸಂಗತಿಯೊಂದಿದೆ. ಮಳೆನೀರಿನಲ್ಲಿ ಒಂದು ಪಾಲು ಸಂದುಗಳ ಮೂಲಕ ಮರಳಿಗೆ ಇಳಿದೇ ಇಳಿಯುತ್ತದೆ. ಅಲ್ಲಿಂದ ಬೇಸಿನ ಇಳಿಜಾರಿನಲ್ಲಿ ಹರಿದು ಗೇಟಿನ ಕಡೆಗೆ ಬರುತ್ತದೆ. ಅಲ್ಲಿ ಚರಂಡಿಯ ಕಾಂಕ್ರೀಟ್ ಗೋಡೆ ಅಡ್ಡ ನಿಂತಿದೆ! ನೀರು ಅಲ್ಲೇ ಮರಳಿನಲ್ಲಿ ತುಂಬಿಕೊಂಡು, ಕಾರು ಹತ್ತಿದಾಗಲೆಲ್ಲ ಮರಳನ್ನು ಸಂದಿಯಿಂದ ಮೇಲಕ್ಕೆ ಉಗುಳುತ್ತದೆ. ಗೇಟಿನ ಹತ್ತಿರದ ಎರಡು ಮೂರು ಸಾಲು ಮೊದಲು ಕುಸಿಯುವುದು ಇದರಿಂದಲೇ. ಪರಿಹಾರ ಸುಲಭ. ಕಾಂಕ್ರೀಟ್ ಹಾಕುವಾಗಲೇ ಚರಂಡಿಯ ಒಳಗೋಡೆಯಲ್ಲಿ, ಬೇಸಿನ ಮೇಲ್ಮೈ ಬರುವ ಮಟ್ಟದಲ್ಲಿ, ಒಂದೊಂದು ಅಡಿಗೆ 15 ಮಿಲಿಮೀಟರ್ ಪೈಪಿನ ತುಂಡು ಇಟ್ಟು ರಂಧ್ರ ಬಿಡಿ. ಮರಳು ಹಾಸುವ ಮೊದಲು ರಂಧ್ರದ ಬಾಯಿಗೆ ಜಿಯೋಟೆಕ್ಸ್‌ಟೈಲ್ ತುಂಡು ಅಡ್ಡ ಇಡಿ. ನೀರು ಚರಂಡಿಗೆ ಹೋಗುತ್ತದೆ, ಮರಳು ಉಳಿಯುತ್ತದೆ.

ಕಾಂಕ್ರೀಟಿಗೆ ಏಳು ದಿನ ನೀರುಣಿಸಿ. ಅಷ್ಟರಲ್ಲಿ ಅದರ ಪಕ್ಕ ಕಂಪ್ಯಾಕ್ಟರ್ ಓಡಿಸುವಂತಿಲ್ಲ. ಹೊರಗಿನ 15 ಸೆಂಟಿಮೀಟರ್ ಜಾಗವನ್ನೂ ಬೇಸ್ ಕುಟ್ಟುವ ಮೊದಲು ಮಣ್ಣು ತುಂಬಿ ಗಟ್ಟಿ ಮಾಡಿ, ಇಲ್ಲದಿದ್ದರೆ ದಿಂಡು ಹೊರಕ್ಕೆ ಜರುಗಬಹುದು.

## 6. ಬೇಸ್: ಕೊನೆಯ ಅವಕಾಶ

ವೆಟ್‌ಮಿಕ್ಸನ್ನೂ ಎರಡು ಪದರದಲ್ಲಿ, ಅದೇ ರೀತಿ ಕುಟ್ಟಿ. ಹೊಸದಾಗಿ ಹೇಳಬೇಕಾದ್ದು ಮಟ್ಟದ ವಿಷಯ ಮಾತ್ರ.

ಬೇಸಿನ ಮೇಲೆ ಮೂರು ಮೀಟರ್ ಮಟ್ಟಕೋಲು ಇಟ್ಟಾಗ ಕೆಳಗೆ 10 ಮಿಲಿಮೀಟರಿಗಿಂತ ಹೆಚ್ಚು ಸಂದು ಎಲ್ಲೂ ಕಾಣಬಾರದು. ದಾರದಿಂದ ಅಳೆದರೆ ಎಲ್ಲಾ ಕಡೆ 105 ಬರಬೇಕು. 115 ಬಂದ ಕಡೆಯನ್ನು ಮೇಲೆ ಮೂರು ಸೆಂಟಿಮೀಟರ್ ಗೀಚಿ ಸಡಿಲಿಸಿ, ವೆಟ್‌ಮಿಕ್ಸ್ ಸೇರಿಸಿ ಮತ್ತೆ ಕುಟ್ಟಿ. ಗೀಚದೆ ಮೇಲೊಂದು ತೆಳು ಪದರ ಹಾಕಿದರೆ ಅದು ಕಚ್ಚಿಕೊಳ್ಳದೆ ಹಪ್ಪಳದಂತೆ ಏಳುತ್ತದೆ. "ಇರಲಿ, ಮರಳಿನಲ್ಲಿ ಸರಿಹೋಗುತ್ತೆ" ಎಂಬ ಮಾತು ಕೆಲಸದ ಜಾಗದಲ್ಲಿ ಕೇಳಿಬರುವುದು ಸರಿಯಾಗಿ ಈ ಹೊತ್ತಿಗೆ. ಒಪ್ಪಬೇಡಿ. ಮುಗಿದ ಬೇಸಿನ ಮೇಲೆ ಕಾರು ನಿಧಾನವಾಗಿ ಓಡಿಸಿದರೂ ಚಕ್ರದ ಗುರುತು ಬೀಳಬಾರದು.

## 7. ಮರಳಿನ ಹಾಸು

ಬೇಕಾದ್ದು ಕಾಂಕ್ರೀಟಿಗೆ ಬಳಸುವ ದಪ್ಪ, ತೊಳೆದ ಮರಳು. ಎಂ-ಸ್ಯಾಂಡ್ ಆದರೆ ತೊಳೆದದ್ದೇ ಇರಲಿ. ಕ್ರಷರಿನ ಜಲ್ಲಿಪುಡಿ ಕುಟ್ಟಿದಾಗ ಚೆನ್ನಾಗಿ ಬಿಗಿಯುತ್ತದೆ ಎಂದು ಹಲವರು ಅದನ್ನೇ ಹಾಕುತ್ತಾರೆ. ಅದರ ಹಿಟ್ಟಿನಂಥ ಪುಡಿ ನೀರು ಹಿಡಿದಿಟ್ಟುಕೊಂಡು ಕೆಸರಾಗುತ್ತದೆ. ಮರಳಿಗೆ ಸಿಮೆಂಟು ಬೆರೆಸುವುದೂ ಬೇಡ. ಬಗ್ಗುವ ನೆಲದ ಕೆಳಗೆ ಬಗ್ಗದ ತೆಳು ಹಾಳೆ ಇಟ್ಟಂತಾಗುತ್ತದೆ. ಅದು ಒಡೆದು, ನೀರಿನ ದಾರಿಯನ್ನೂ ಮುಚ್ಚುತ್ತದೆ.

ಮರಳು ನೋಡಿಕೊಳ್ಳಲು ಒಂದು ಗಾಜಿನ ಬಾಟಲಿ ಸಾಕು. ಅರ್ಧ ಮರಳು, ಮೇಲೆ ನೀರು, ಚೆನ್ನಾಗಿ ಕುಲುಕಿ ಒಂದೆರಡು ಗಂಟೆ ಬಿಡಿ. ಮರಳಿನ ಮೇಲೆ ಕೂತ ಕೆಸರಿನ ಪದರ ದಾರದಷ್ಟೇ ತೆಳುವಿದ್ದರೆ ಆಗಬಹುದು. ಬೆರಳ ದಪ್ಪಕ್ಕೆ ಬಂದರೆ ಆ ಲೋಡನ್ನು ವಾಪಸ್ ಕಳಿಸಿ.

30 ಮಿಲಿಮೀಟರ್ ಪೈಪುಗಳನ್ನು ಬೇಸಿನ ಮೇಲೆ, ಇಳಿಜಾರಿನ ಉದ್ದಕ್ಕೆ, ಸುಮಾರು ಎರಡು ಮೀಟರ್ ಅಂತರದಲ್ಲಿ ಇಡಿ. ತುಸು ತೇವದ ಮರಳನ್ನು ನಡುವೆ ಸುರಿದು, ಪೈಪಿನ ಮೇಲೆ ಮಟ್ಟಕೋಲು ಎಳೆದು ಹೆಚ್ಚಾದ್ದನ್ನು ತೆಗೆಯಿರಿ. ಪೈಪು ಎತ್ತಿದ ಗೆರೆಗೆ ಮರಳು ತುಂಬಿ ಕರಣೆಯಿಂದ ಸವರಿ. ಈ ಮರಳನ್ನು ಕುಟ್ಟಬಾರದು, ಅದರ ಮೇಲೆ ನಡೆಯಬಾರದು. ಸಡಿಲವಾಗಿದ್ದರೆ ಮಾತ್ರ ಮುಂದೆ ಬ್ಲಾಕ್ ಕುಟ್ಟುವಾಗ ಅದು ಕೆಳಗಿನಿಂದ ಸಂದಿಗೆ ಸ್ವಲ್ಪ ಏರಿ ಬ್ಲಾಕನ್ನು ಹಿಡಿಯುತ್ತದೆ. ಆಗ 30 ಇದ್ದದ್ದು 25ರ ಹತ್ತಿರಕ್ಕೆ ಬರುತ್ತದೆ. ಒಂದೆರಡು ಗಂಟೆಯಲ್ಲಿ ಬ್ಲಾಕ್ ಹಾಕಿ ಮುಗಿಸುವಷ್ಟೇ ಜಾಗಕ್ಕೆ ಮರಳು ಹಾಸಿ. ಮಳೆ ಬಿದ್ದರೆ ಆ ಭಾಗವನ್ನು ಕೆರೆದು ಹೊಸದಾಗಿ ಹಾಸಬೇಕು.

## 8. ಬ್ಲಾಕ್ ಜೋಡಣೆ

ಕಾರು ಓಡುವ ಜಾಗಕ್ಕೆ ಹೆರಿಂಗ್‌ಬೋನ್ ಜೋಡಣೆ, ಅಂದರೆ ಒಂದು ಬ್ಲಾಕ್ ಉದ್ದಕ್ಕೆ, ಅದರ ತಲೆಗೆ ಇನ್ನೊಂದು ಅಡ್ಡಕ್ಕೆ ಬರುವಂಥದ್ದು. ಇದರಲ್ಲಿ ಯಾವ ದಿಕ್ಕಿನಲ್ಲೂ ಉದ್ದನೆಯ ನೇರ ಸಂದು ಇರುವುದಿಲ್ಲ, ಬ್ರೇಕ್ ಒತ್ತಡಕ್ಕೆ ಇಡೀ ಸಾಲು ಒಟ್ಟಿಗೆ ಜಾರುವುದಿಲ್ಲ. ನೇರ ಸಾಲುಗಳ ಜೋಡಣೆ ಅಂಗಳದ ಕಾಲುದಾರಿಗೆ ಸರಿ.

ಎರಡೂ ಬದಿಯಲ್ಲಿ ದಿಂಡಿಗೆ ತಾಗಿದಂತೆ ಇಡೀ ಬ್ಲಾಕಿನ ಒಂದು ಸಾಲು ಇಟ್ಟುಕೊಳ್ಳಿ. ಕೊಯ್ದ ತುಂಡುಗಳು ಈ ಸಾಲಿನ ಒಳಮಗ್ಗುಲಿಗೆ ಬರಲಿ. ಶುರು ತಗ್ಗಿನ ಕಡೆಯಿಂದ, ಗೇಟಿನ ಚರಂಡಿಯಿಂದ. ಇಳಿಜಾರಿನ ಮೇಲಿನಿಂದ ಶುರು ಮಾಡಿದರೆ ಜೋಡಿಸಿದ್ದು ಕೆಳಗೆ ಸರಿದು ಸಂದು ತೆರೆದುಕೊಳ್ಳುತ್ತದೆ. ಹಾಕಿ ಮುಗಿದ ಬ್ಲಾಕಿನ ಮೇಲೆ ಹಲಗೆ ಇಟ್ಟು ಅದರ ಮೇಲೆ ಕೂತು ಮುಂದಕ್ಕೆ ಹಾಕುತ್ತಾ ಹೋಗಿ. ಬ್ಲಾಕನ್ನು ಪಕ್ಕದ್ದಕ್ಕೆ ತಾಗಿಸಿ ನೇರ ಕೆಳಗೆ ಇಳಿಸಬೇಕು. ಮರಳಿನ ಮೇಲೆ ಎಳೆದರೆ ಅದರ ಮುಂದೆ ಮರಳಿನ ಗುಡ್ಡೆ ಸೇರಿ ಸಂದು ಅಗಲವಾಗುತ್ತದೆ.

ಸಂದು 2ರಿಂದ 4 ಮಿಲಿಮೀಟರ್. ಬ್ಲಾಕಿನ ಮಗ್ಗುಲಲ್ಲಿ ಚಿಕ್ಕ ಉಬ್ಬು ಇದ್ದರೆ ಅದೇ ಅಳತೆ ಕೊಡುತ್ತದೆ. ತಾಗಿ ತಾಗಿ ಇಟ್ಟರೆ ಮರಳು ಇಳಿಯದು, ಚಕ್ರದ ಭಾರಕ್ಕೆ ಮೂಲೆಗಳು ಚೂರಾಗುತ್ತವೆ. ಎರಡು ಮೀಟರಿಗೊಮ್ಮೆ ಅಡ್ಡ ದಾರ ಹಿಡಿದು ಸಾಲು ನೋಡಿ. ಸೊಟ್ಟಗಾದದ್ದನ್ನು ಕರಣೆಯ ತುದಿಯಿಂದ ಅಲ್ಲೇ ಸರಿಸಬಹುದು, ಹತ್ತು ಸಾಲು ಮುಂದೆ ಹೋದ ಮೇಲೆ ಆಗುವುದಿಲ್ಲ. ಬ್ಲಾಕ್ ತೆಗೆಯುವಾಗ ಮೂರು ನಾಲ್ಕು ಅಟ್ಟಿಯಿಂದ ಬೆರೆಸಿ ತೆಗೆದರೆ ಬಣ್ಣದ ತೇಪೆ ಕಾಣುವುದಿಲ್ಲ. ಕೊಯ್ದ ತುಂಡು ಬ್ಲಾಕಿನ ಮೂರನೇ ಒಂದು ಭಾಗಕ್ಕಿಂತ ಚಿಕ್ಕದಾಗಬಾರದು, ಚೂರು ಬ್ಲಾಕ್ ಚಕ್ರಕ್ಕೆ ಮೊದಲು ತಿರುಗಿಬೀಳುತ್ತದೆ.

## 9. ಕುಟ್ಟಿ, ಸಂದು ತುಂಬಿ, ನೀರು ಸುರಿದು ನೋಡಿ

ಮೊದಲ ಕುಟ್ಟಾಟ ಸಂದಿಗೆ ಮರಳು ಹಾಕುವ ಮೊದಲು. ರಬ್ಬರ್ ಹಾಳೆ ಹಾಕಿದ ಪ್ಲೇಟನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಓಡಿಸಿ. ಕೆಲಸ ಅರ್ಧಕ್ಕೆ ನಿಂತಿದ್ದರೆ ತೆರೆದಿರುವ ತುದಿಯಿಂದ ಒಂದು ಮೀಟರ್ ಬಿಟ್ಟು ಕುಟ್ಟಿ, ಇಲ್ಲದಿದ್ದರೆ ತುದಿಯ ಬ್ಲಾಕ್ ಹೊರಕ್ಕೆ ಹೋಗುತ್ತದೆ. ಒಡೆದ ಬ್ಲಾಕನ್ನು ಈಗಲೇ ಬದಲಿಸಿ.

ಆಮೇಲೆ ಪೂರ್ತಿ ಒಣಗಿದ ಸಣ್ಣ ಮರಳನ್ನು ಪೊರಕೆಯಿಂದ ಸಂದಿಗೆ ಗುಡಿಸಿ, ಮತ್ತೆ ಪ್ಲೇಟ್ ಓಡಿಸಿ, ಮತ್ತೆ ಗುಡಿಸಿ. ಮೂರು ನಾಲ್ಕು ಸಲ ಆಗಬೇಕು. ಹಸಿ ಮರಳು ಬಾಯಲ್ಲೇ ಸೇತುವೆ ಕಟ್ಟಿ ನಿಲ್ಲುತ್ತದೆ, ಮೇಲಿಂದ ತುಂಬಿದಂತೆ ಕಂಡರೂ ಒಳಗೆ ಖಾಲಿ. ತೆಳು ಚಾಕು ಅಥವಾ ಪಟ್ಟಿ ಬ್ಲೇಡನ್ನು ಸಂದಿಗೆ ಒತ್ತಿದರೆ ನಾಲ್ಕೈದು ಮಿಲಿಮೀಟರಿನಲ್ಲೇ ನಿಲ್ಲಬೇಕು. ಸಲೀಸಾಗಿ ಒಳಗೆ ಹೋದರೆ ಇನ್ನೂ ಒಂದು ಸುತ್ತು ಬಾಕಿ ಇದೆ. ಒಂದೆರಡು ವಾರದ ಮೇಲೆ ಒಮ್ಮೆ, ಮೊದಲ ದೊಡ್ಡ ಮಳೆಯ ಮೇಲೆ ಇನ್ನೊಮ್ಮೆ ಮರಳು ಗುಡಿಸಬೇಕಾಗುತ್ತದೆ. ಅದಕ್ಕೆಂದೇ ಒಂದು ಚೀಲ ಒಣ ಜಾಗದಲ್ಲಿಡಿ.

ಕೊನೆಗೆ ಪೋರ್ಟಿಕೋ ಅಂಚಿನಲ್ಲಿ ಎರಡು ಬಕೆಟ್ ನೀರು ಒಟ್ಟಿಗೆ ಚೆಲ್ಲಿ. ನೀರು ಅಗಲವಾಗಿ ಹರಡಿಕೊಂಡು ಚರಂಡಿ ಸೇರಬೇಕು. ಒಂದು ಕಡೆ ತಂಗಿದರೆ ಅಲ್ಲಿ ಸೀಮೆಸುಣ್ಣದಿಂದ ಸುತ್ತು ಬರೆಯಿರಿ, ಈಗಲೇ ಎತ್ತಿ ಸರಿಮಾಡುವುದು ಒಂದು ಗಂಟೆಯ ಕೆಲಸ.

## ಆಮೇಲೆ ಕಾಣುವ ಲಕ್ಷಣ, ಅದರ ಅರ್ಥ

ಚಕ್ರದ ಎರಡೂ ಜಾಡು ಉದ್ದಕ್ಕೆ ಇಳಿದಿದ್ದರೆ ಬೇಸ್ ಅಥವಾ ಸಬ್‌ಬೇಸ್ ಬಿಗಿಯಾಗಿಲ್ಲ. ಒಂದೇ ಕಡೆ ತಟ್ಟೆಯಂತೆ ಕುಸಿದಿದ್ದರೆ ಕೆಳಗೆ ಮೆತ್ತನೆ ಮಣ್ಣು, ಇಲ್ಲವೇ ಸೋರುವ ಪೈಪು. ಮಳೆಯ ನಂತರ ಸಂದಿಯಿಂದ ಮರಳು ಉಕ್ಕುತ್ತಿದ್ದರೆ ಚರಂಡಿ ಗೋಡೆಯ ರಂಧ್ರ ಕಟ್ಟಿಕೊಂಡಿದೆ ಅಥವಾ ಬಿಟ್ಟೇ ಇಲ್ಲ. ಸಂದು ತಿರುವಿನ ಹತ್ತಿರ ಮಾತ್ರ ಅಗಲವಾಗುತ್ತಿದ್ದರೆ ಅಂಚಿನ ದಿಂಡು ನೋಡಿ. ಹೊಸ ಬ್ಲಾಕಿನ ಮೇಲೆ ಬಿಳಿ ಬೂದಿಯಂತೆ ಕಂಡರೆ ಅದು ಸಿಮೆಂಟಿನ ಸುಣ್ಣ, ತಾನಾಗಿಯೇ ಹೋಗುತ್ತದೆ, ಆಮ್ಲ ಹಾಕಿ ಉಜ್ಜಬೇಡಿ.

ಕುಸಿದ ಜಾಗ ಸರಿಮಾಡಲು ಎರಡು ಚಪ್ಪಟೆ ಸ್ಕ್ರೂಡ್ರೈವರ್‌ಗಳನ್ನು ಒಂದು ಬ್ಲಾಕಿನ ಎದುರು ಬದಿಗಳ ಸಂದಿಗೆ ಹಾಕಿ, ಅತ್ತಿತ್ತ ಅಲುಗಿಸುತ್ತಾ ಮೇಲೆತ್ತಿ. ಮೊದಲನೆಯದು ಕಷ್ಟ, ಉಳಿದವು ಕೈಯಲ್ಲೇ ಬರುತ್ತವೆ. ಗುಣಿಗಿಂತ ಎರಡು ಸಾಲು ಆಚೆಗೆ ತೆಗೆಯಿರಿ. ಹಳೆಯ ಮರಳನ್ನು ಪೂರ್ತಿ ಕೆರೆದು ಬೇಸ್ ಕಾಣುವಂತೆ ಮಾಡಿ, ಅದು ಎಷ್ಟು ಇಳಿದಿದೆ ಎಂದು ಮಟ್ಟಕೋಲು ಇಟ್ಟು ಅಳೆಯಿರಿ. ಇಳಿದಷ್ಟನ್ನೂ ವೆಟ್‌ಮಿಕ್ಸ್‌ನಿಂದ ಏರಿಸಿ ಕುಟ್ಟಿ, ಮೇಲೆ ಮತ್ತೆ ಅದೇ 30 ಮಿಲಿಮೀಟರ್ ಸಡಿಲ ಮರಳು ಹಾಸಿ.